ಹೆಸರಿಡುವವರೆಗೆ ದಾಟಬಾರದು

ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಗಡಿಯಲ್ಲಿ ಒಂದು ಹೊಳೆ ಹರಿಯುತ್ತದೆ. ಅದಕ್ಕೊಂದು ಹೆಸರಿದೆ. ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾವ ದಡದವರು ಕರೆಯುವ ಹೆಸರನ್ನು ಬರೆದೆ ಎಂದು ನನ್ನ ಮೇಲೂ ಒಂದು ಠರಾವು ಆದೀತು.

ಈ ಹೊಳೆಗೆ ತಲೆಮಾರುಗಳಿಂದ ಇದ್ದದ್ದು ಕಾಲುಸಂಕ. ನಡುವಿನ ಎರಡು ಬಂಡೆಗಳನ್ನು ಆಧಾರ ಮಾಡಿಕೊಂಡು ಅಡಿಕೆ ಮರದ ಕಾಂಡಗಳನ್ನು ಮೂರು ತುಂಡಾಗಿ ಹಾಸಿ, ಮೇಲೆ ದಬ್ಬೆ ಕಟ್ಟಿ, ಕೈ ಹಿಡಿಯಲು ಒಂದು ಬದಿಗೆ ಬಿದಿರು ಬಿಗಿಯುತ್ತಾರೆ. ಮಳೆಗಾಲಕ್ಕೆ ಮುನ್ನ ಎರಡೂ ದಡದವರು ಸೇರಿ ಒಂದೇ ದಿನದಲ್ಲಿ ಮುಗಿಸುವ ಕೆಲಸ ಅದು. ಒಬ್ಬರ ತೋಟದಿಂದ ಮರ, ಇನ್ನೊಬ್ಬರ ಮನೆಯಿಂದ ಹಗ್ಗ, ಮತ್ತೊಬ್ಬರ ಮನೆಯಿಂದ ಅವಲಕ್ಕಿ, ಮಜ್ಜಿಗೆ. ದೊಡ್ಡ ಮಳೆಗೆ ಕೊಚ್ಚಿಹೋದರೆ ಮತ್ತೆ ಕಟ್ಟುತ್ತಿದ್ದರು. ಅದಕ್ಕೆ ಹೆಸರಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ಬಹುಶಃ ಅದಕ್ಕೇ ಅದು ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು.

ಈಗ ಅದರ ಪಕ್ಕದಲ್ಲೇ ಸರ್ಕಾರದ ಕಾಂಕ್ರೀಟ್ ಸೇತುವೆ ನಿಂತಿದೆ. ಮೂರು ಅಂಕಣ, ಒಂದೊಂದೂ 15 ಮೀಟರ್, ನೀರಿನಲ್ಲಿ ಎರಡು ಕಂಬ. ಮೂರು ಚುನಾವಣೆಗಳಲ್ಲಿ ಮೂರು ಬಾರಿ ಶಂಕುಸ್ಥಾಪನೆಯಾಗಿ, ಮೂರು ಕಲ್ಲುಗಳ ಪೈಕಿ ಎರಡು ಯಾರದೋ ಕೊಟ್ಟಿಗೆಯ ಮೆಟ್ಟಿಲಾದ ಮೇಲೆ ಕೊನೆಗೂ ಆದ ಸೇತುವೆ. ಕಾಮಗಾರಿ ಮುಗಿದ ವಾರದಲ್ಲೇ ಎರಡೂ ಗ್ರಾಮ ಪಂಚಾಯಿತಿಗಳಿಗೆ ಇಲಾಖೆಯಿಂದ ಪತ್ರ ಬಂತು: ಉದ್ಘಾಟನೆಯ ಕಲ್ಲಿನಲ್ಲಿ ಕೆತ್ತಿಸಲು ಸೇತುವೆಯ ಹೆಸರನ್ನು ಒಮ್ಮತದ ಠರಾವಿನ ಮೂಲಕ ತಿಳಿಸುವುದು.

ಒಮ್ಮತ ಎಂಬ ಪದವನ್ನು ಆ ಪತ್ರದಲ್ಲಿ ಬರೆದ ಗುಮಾಸ್ತರು ಮಲೆನಾಡಿನವರಲ್ಲ ಎಂದು ಅಂದೇ ತೀರ್ಮಾನವಾಯಿತು.

ಮೊದಲು ಎದ್ದದ್ದು ದೇವರ ಪ್ರಶ್ನೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಸೇತುವೆ ಉದ್ಘಾಟನೆಯಾದಾಗ ಅದಕ್ಕೆ ಸಿಗಂದೂರು ಚೌಡೇಶ್ವರಿಯ ಹೆಸರು ಬಂದಿತ್ತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆಗೇ ದೇವಿಯ ಹೆಸರು ಸಾಲುವುದಾದರೆ ನಮ್ಮ ನಲವತ್ತೈದು ಮೀಟರಿಗೆ ಸಾಲದೇ ಎಂದು ಸಾಗರದ ಕಡೆಯವರು ಕೇಳಿದರು. ಸಾಲುತ್ತದೆ, ಆದರೆ ಯಾವ ದೇವಿ? ಎರಡು ದಡಕ್ಕೆ ಇಬ್ಬರು ಚೌಡಿಯರು. ಅವರಿಬ್ಬರೂ ಒಡಹುಟ್ಟಿದವರೆಂದು ಹಿರಿಯರು ಹೇಳುವುದುಂಟು. ಅರ್ಚಕರೊಬ್ಬರು ಜಾಣತನದಿಂದ ‘ಅಕ್ಕ–ತಂಗಿ ಸೇತುವೆ’ ಎಂದು ಸೂಚಿಸಿದರು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ದನಿ, ‘ಅಕ್ಕ ಯಾವ ದಡದವಳು?’ ಎಂದಿತು. ಅಂದಿನ ಸಭೆಗೆ ಪೊಲೀಸರು ಬರಬೇಕಾಯಿತು.

ಎರಡನೆಯ ಸಭೆಗೆ ಇತಿಹಾಸ ಬಂತು. ನಿವೃತ್ತ ಮಾಸ್ತರರು ಕುವೆಂಪು ಹೆಸರನ್ನು ಸೂಚಿಸಿದರು. ಅದನ್ನು ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ಇಟ್ಟಾಗಿದೆ, ವಿಮಾನಕ್ಕಿಟ್ಟದ್ದನ್ನು ಎಮ್ಮೆ ದಾಟುವ ಸೇತುವೆಗೆ ಇಡುವುದು ಗೌರವವಲ್ಲ ಎಂದು ಯುವಕ ಸಂಘದವರು ತಳ್ಳಿಹಾಕಿದರು. ಕಾಗೋಡು ಸತ್ಯಾಗ್ರಹದ ಹೆಸರನ್ನು ಒಬ್ಬರು ಎತ್ತಿದಾಗ ಮಾತ್ರ ಸಭೆ ತಣ್ಣಗಾಯಿತು. 1951ರಲ್ಲಿ ಗೇಣಿ ಅಳೆಯುವ ಕೊಳಗ ದೊಡ್ಡದಾಯಿತೆಂದು ಎದ್ದುನಿಂತವರ ಮೊಮ್ಮಕ್ಕಳೂ, ಆ ಕೊಳಗದಲ್ಲಿ ಅಳೆಸಿಕೊಂಡವರ ಮೊಮ್ಮಕ್ಕಳೂ ಒಂದೇ ಜಮಖಾನೆಯ ಮೇಲೆ ಕುಳಿತಿದ್ದರು. ಮುಂದಿನ ಹೆಸರಿಗೆ ಹೋಗೋಣ ಎಂದು ಎರಡೂ ಗುಂಪಿನವರು ಒಟ್ಟಿಗೇ ಹೇಳಿದರು. ಇಡೀ ಪ್ರಕರಣದಲ್ಲಿ ಒಮ್ಮತ ಮೂಡಿದ್ದು ಅದೊಂದೇ ಸಲ. ನಡಾವಳಿಯಲ್ಲಿ ಅದು ದಾಖಲಾಗಿಲ್ಲ.

ಮುಂದಿನ ಹೆಸರು ಶಿವಪ್ಪ ನಾಯಕ. ಯಾರೂ ಬೇಡವೆನ್ನಲಿಲ್ಲ. ಪಿಡಿಒ ಅವರಂತೂ ಸಂತೋಷದಿಂದ ಲೇಖನಿ ತೆರೆದು, ‘ಕೆಳದಿ ಶಿವಪ್ಪ ನಾಯಕ ಸೇತುವೆ’ ಎಂದು ಬರೆಯತೊಡಗಿದರು. ‘ಕೆಳದಿ ಯಾಕೆ?’ ಎಂದರು ಹೊಸನಗರದ ಕಡೆಯವರು. ಕೆಳದಿ ಇರುವುದು ಸಾಗರ ತಾಲ್ಲೂಕಿನಲ್ಲಿ. ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಒಯ್ದರು. ಶಿವಪ್ಪ ನಾಯಕ ಆಳಿದ್ದು ಬಿದನೂರಿನಿಂದ. ಬಿದನೂರು ಇರುವುದು ನಮ್ಮ ತಾಲ್ಲೂಕಿನಲ್ಲಿ. ಆದ್ದರಿಂದ ‘ಬಿದನೂರು ಶಿವಪ್ಪ ನಾಯಕ ಸೇತುವೆ’. ಬಿದನೂರು ಎಂಬ ಊರೇ ಈಗ ಎಲ್ಲಿದೆ, ಅದು ನಗರ ಅಲ್ಲವೇ ಎಂದು ಸಾಗರದವರು ಕೆಣಕಿದರು. ಆ ಮಾತೂ ನಿಜವೇ. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಎಂದು ಕರೆದ. ಕಾಲಾಂತರದಲ್ಲಿ ಹೈದರ ಬಿದ್ದುಹೋಗಿ ನಗರ ಉಳಿಯಿತು. ಕಲ್ಲೂರುಕಟ್ಟೆ ಹೊಸನಗರವಾಯಿತು. ಒಂದು ಕೋಟೆ, ಒಂದು ರಾಜಧಾನಿ, ಒಂದು ತಾಲ್ಲೂಕು ಕೇಂದ್ರ ಹೆಸರು ಬದಲಿಸಿಕೊಂಡು ಬದುಕಿದ ಸೀಮೆಯಲ್ಲಿ ನಲವತ್ತೈದು ಮೀಟರ್ ಕಾಂಕ್ರೀಟಿಗೆ ಹೆಸರು ಸಿಗುತ್ತಿಲ್ಲ.

ಶಿವಪ್ಪ ನಾಯಕ ಭೂಮಿ ಅಳೆದು ಫಸಲಿನ ಲೆಕ್ಕ ಹಿಡಿದು ಕಂದಾಯ ಗೊತ್ತುಮಾಡಿದವನು. ಅದಕ್ಕೆ ‘ಶಿಸ್ತು’ ಎಂದೇ ಹೆಸರು. ಅವನು ಆ ಸಭೆಗೆ ಬಂದಿದ್ದರೆ ಮೊದಲು ಸೇತುವೆಯ ಎರಡು ತುದಿಯ ಮಣ್ಣನ್ನು ಅಳೆಸುತ್ತಿದ್ದ ಎಂಬುದು ನನ್ನ ಊಹೆ. ಆ ಮಣ್ಣಿನ ಮಾತಿಗೆ ಆಮೇಲೆ ಬರುತ್ತೇನೆ.

ಎರಡು ತುದಿಗೆ ಎರಡು ಹೆಸರಿನ ಫಲಕ ಹಾಕಿ, ಅರ್ಧ ನಿಮ್ಮದು, ಅರ್ಧ ನಮ್ಮದು ಎಂಬ ರಾಜಿಯೂ ಬಂತು. ತಾಲ್ಲೂಕಿನ ಗಡಿ ಹೊಳೆಯ ನಡುವೆ. ಅಂಕಣಗಳು ಮೂರು. ಆಚೆಯದು ಅವರಿಗೆ, ಈಚೆಯದು ಇವರಿಗೆ, ಸರಿ, ನಡುವಿನ ಅಂಕಣ? ಸೇತುವೆಯನ್ನು ನಾಲ್ಕು ಅಂಕಣ ಮಾಡಿದ್ದರೆ ಈ ತಂಟೆ ಬರುತ್ತಿರಲಿಲ್ಲ ಎಂದು ಇಬ್ಬರೂ ಸೇರಿ ಎಂಜಿನಿಯರರನ್ನು ತರಾಟೆಗೆ ತೆಗೆದುಕೊಂಡರು. ಪಾಪ, ಅವರು ನೀರಿನ ಹರಿವು, ಬಂಡೆಯ ಆಳ ನೋಡಿ ಕಂಬ ನಿಲ್ಲಿಸಿದ್ದರು. ಹೆಸರಿನ ಹರಿವು ನೋಡಿರಲಿಲ್ಲ.

ಮಾಜಿ ಅಧ್ಯಕ್ಷರ ಪತ್ರ ಬಂದದ್ದು ಈ ಹಂತದಲ್ಲಿ. ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ತಮ್ಮ ಹೆಸರು ಘೋಷಣೆಯಾದಾಗ ಯಡಿಯೂರಪ್ಪನವರು ಬೇಡವೆಂದದ್ದು ಅವರ ಮನಸ್ಸಿಗೆ ತುಂಬ ಹಿಡಿಸಿತ್ತು. ‘ಈ ಸೇತುವೆಗೆ ದಯವಿಟ್ಟು ನನ್ನ ಹೆಸರನ್ನು ಇಡಬಾರದು. ಸೇವೆಯೇ ನನಗೆ ಹೆಸರು’ ಎಂದು ಅವರು ಬರೆದಿದ್ದರು. ಅವರ ಹೆಸರನ್ನು ಅದುವರೆಗೆ ಯಾರೂ ಸೂಚಿಸಿರಲಿಲ್ಲ. ಆದರೂ ಪತ್ರವನ್ನು ಸಭೆಯಲ್ಲಿ ಓದಬೇಕು, ನಡಾವಳಿಗೆ ಸೇರಿಸಬೇಕು, ತಮ್ಮ ನಿರಾಕರಣೆಗೆ ಸಭೆ ವಿಷಾದ ವ್ಯಕ್ತಪಡಿಸಬೇಕು ಎಂದು ಪಟ್ಟು ಹಿಡಿದರು. ಸಭೆ ವಿಷಾದ ವ್ಯಕ್ತಪಡಿಸಿತು.

ಇಷ್ಟೆಲ್ಲ ಆಗುವಾಗ ಜನ ಸೇತುವೆಯ ಮೇಲೆ ಓಡಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಓಡಾಡುವಂತಿರಲಿಲ್ಲ. ಹೆಸರಿಲ್ಲದೆ ಕಲ್ಲಿಲ್ಲ, ಕಲ್ಲಿಲ್ಲದೆ ಉದ್ಘಾಟನೆಯಿಲ್ಲ, ಉದ್ಘಾಟನೆಯಿಲ್ಲದೆ ಸಂಚಾರವಿಲ್ಲ. ಒಂದು ರಾತ್ರಿ ಆಚೆ ದಡದ ಹುಡುಗರು ತಮ್ಮ ಹೆಸರಿನ ಬ್ಯಾನರ್ ಕಟ್ಟಿಕೊಂಡು ಬೈಕಿನಲ್ಲಿ ದಾಟಲು ಹೊರಟರೆಂಬ ಸುದ್ದಿ ಹಬ್ಬಿತು. ಮೊದಲು ದಾಟಿದವರ ಹೆಸರೇ ನಿಲ್ಲುತ್ತದೆಂಬ ಭಯಕ್ಕೆ ಎರಡೂ ಕಡೆಯವರು ತಮ್ಮ ತಮ್ಮ ತುದಿಗೆ ಕಲ್ಲುಗುಂಡು ಪೇರಿಸಿದರು. ಶಾಲೆಯ ಮಕ್ಕಳು ಹೊಸ ಸೇತುವೆಯ ನೆರಳಿನಲ್ಲಿ, ಹಳೆಯ ಸಂಕದ ಮೇಲೆ, ಬಿದಿರು ಹಿಡಿದು ದಾಟುತ್ತಿದ್ದರು.

ಈ ಜಗಳದಿಂದ ಒಬ್ಬರಿಗೂ ನಷ್ಟವಾಗಲಿಲ್ಲ ಎನ್ನುವಂತಿಲ್ಲ, ಆದರೆ ಒಬ್ಬರಿಗೆ ಲಾಭವಂತೂ ಆಯಿತು. ಗುತ್ತಿಗೆದಾರರು ಪ್ರತಿ ಸಭೆಗೂ ಬರುತ್ತಿದ್ದರು. ಚಹಾ, ಬಾಳೆಹಣ್ಣು, ಶಾಮಿಯಾನ ಅವರದೇ ಖರ್ಚು. ಯಾವ ಹೆಸರು ಬಂದರೂ ‘ಒಳ್ಳೆಯ ಹೆಸರು’ ಎನ್ನುತ್ತಿದ್ದರು. ಜಗಳ ಆರುವ ಲಕ್ಷಣ ಕಂಡರೆ ‘ಆಚೆಯವರಿಗೂ ಒಂದು ಮಾತು ಕೇಳಬೇಕಲ್ಲವೇ’ ಎಂದು ಮೆಲ್ಲಗೆ ಹೇಳುತ್ತಿದ್ದರು. ಎಂಥ ಊರಾಭಿಮಾನಿ ಎಂದು ಜನ ಕೊಂಡಾಡಿದರು.

ಇದರ ಗುಟ್ಟು ಹೊಳೆದದ್ದು ನಿವೃತ್ತ ಬಸ್ ಚಾಲಕರೊಬ್ಬರಿಗೆ. ಸೇತುವೆ ಕಟ್ಟಿದ ಮೇಲೆ ನಿರ್ದಿಷ್ಟ ಅವಧಿಯವರೆಗೆ ಏನೇ ಕೆಟ್ಟರೂ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಈ ಟೆಂಡರಿನಲ್ಲಿ ಅದು ಎರಡು ವರ್ಷ. ಆ ಗಡುವು ಎಣಿಕೆಯಾಗುವುದು ಕಾಮಗಾರಿ ಮುಗಿದ ಪ್ರಮಾಣಪತ್ರದ ದಿನದಿಂದ. ಮಂತ್ರಿಗಳು ಟೇಪು ಕತ್ತರಿಸಿದರೇ ಇಲ್ಲವೇ ಎಂಬುದನ್ನು ಅದು ಕಾಯುವುದಿಲ್ಲ. ಅಂದರೆ ಹೆಸರಿನ ಜಗಳ ನಡೆದಷ್ಟು ದಿನವೂ ಗುತ್ತಿಗೆದಾರರ ಹೊಣೆ ಕರಗುತ್ತಿತ್ತು, ಒಂದು ಲಾರಿಯೂ ಸೇತುವೆಯನ್ನು ಪರೀಕ್ಷಿಸದೆ.

ಚಾಲಕರಿಗೆ ಅನುಮಾನವಿದ್ದದ್ದು ಕಾಂಕ್ರೀಟಿನ ಮೇಲಲ್ಲ. ದಡದ ಗೋಡೆಯ ಹಿಂದೆ, ರಸ್ತೆ ಬಂದು ಸೇತುವೆಗೆ ಕೂಡುವ ಜಾಗದಲ್ಲಿ ತುಂಬಿದ ಮಣ್ಣಿನ ಮೇಲೆ. ಅದನ್ನು ಗೇಣುದಪ್ಪದ ಪದರವಾಗಿ ಹರಡಿ, ನೀರು ಹಾಕಿ, ರೋಲರ್ ಹೊಡೆದು, ಆಮೇಲೆ ಮುಂದಿನ ಪದರ ಹಾಕಬೇಕು. ಟಿಪ್ಪರಿನಿಂದ ಒಮ್ಮೆಲೇ ಸುರಿದು ಮೇಲಷ್ಟೇ ತಟ್ಟಿದರೆ ನೋಡಲು ಚೆನ್ನಾಗಿಯೇ ಇರುತ್ತದೆ, ಮಲೆನಾಡಿನ ಮಳೆ ಬರುವವರೆಗೆ. ಮೊದಲು ಡಾಂಬರು ಮತ್ತು ಕಾಂಕ್ರೀಟ್ ಕೂಡುವಲ್ಲಿ ಅಡ್ಡಲಾಗಿ ಕೂದಲೆಳೆಯ ಬಿರುಕು ಕಾಣುತ್ತದೆ. ಅದರಲ್ಲಿ ನೀರು ಇಳಿದ ಮೇಲೆ ರಸ್ತೆ ಕುಸಿದು ಸೇತುವೆಯ ಅಂಚು ಮೆಟ್ಟಿಲಿನಂತೆ ಎದ್ದುನಿಲ್ಲುತ್ತದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರ ತಲೆ ಚಾವಣಿಗೆ ತಾಗುವುದು ಅಂಥ ಜಾಗದಲ್ಲೇ. ಚಾಲಕರು ದಡದ ಗೋಡೆಯ ಮೇಲೆ ರಸ್ತೆಯ ಮಟ್ಟಕ್ಕೆ ಬಣ್ಣದ ಗೆರೆ ಎಳೆದಿಟ್ಟರು. ಮೊದಲ ಮಳೆಗಾಲ ಮುಗಿದಾಗ ರಸ್ತೆ ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು. ಎರಡನೆಯ ಮಳೆಗಾಲದಲ್ಲಿ ಒಂದು ಗೇಣು.

ಅವರು ಇದನ್ನು ಗ್ರಾಮಸಭೆಯಲ್ಲಿ ಎತ್ತಿದರು. ‘ಗಡುವು ಮುಗಿಯುವ ಮುಂಚೆ ಇಲಾಖೆಗೆ ಲಿಖಿತ ದೂರು ಕೊಡೋಣ, ಹೆಸರು ಆಮೇಲೆ ನೋಡೋಣ’ ಎಂದರು.

‘ಇಂದಿನ ವಿಷಯಸೂಚಿಯಲ್ಲಿ ಇರುವುದು ನಾಮಕರಣ ಮಾತ್ರ. ವಿಷಯಾಂತರ ಬೇಡ’ ಎಂದರು ಅಧ್ಯಕ್ಷರು.

‘ಯಾವ ತುದಿ ಹೆಚ್ಚು ಕುಸಿದಿದೆ?’ ಎಂದು ಒಬ್ಬರು ಕೇಳಿದರು.

‘ಹೊಸನಗರದ ಕಡೆ ಎರಡು ಬೆರಳು ಹೆಚ್ಚು.’

ಸಾಗರದ ಕಡೆಯಿಂದ ಚಪ್ಪಾಳೆ ಬಿತ್ತು.

ಎರಡು ವರ್ಷ ತುಂಬಿದ ಮರುವಾರ ಗುತ್ತಿಗೆದಾರರ ಭದ್ರತಾ ಠೇವಣಿ ಅವರಿಗೆ ವಾಪಸಾಯಿತು. ಅದರ ನಂತರದ ಸಭೆಗೆ ಅವರು ಬರಲಿಲ್ಲ, ಚಹಾವೂ ಬರಲಿಲ್ಲ. ಆಗಷ್ಟೇ ಎಲ್ಲರಿಗೂ ರಸ್ತೆ ಕುಸಿದದ್ದು ಕಣ್ಣಿಗೆ ಬಿತ್ತು. ಈಗ ಕೂಡುರಸ್ತೆಯ ದುರಸ್ತಿಗೆ ಹೊಸ ಅಂದಾಜುಪಟ್ಟಿ, ಹೊಸ ಟೆಂಡರ್ ಆಗಬೇಕು. ಅಂದಾಜುಪಟ್ಟಿಯ ಮೊದಲ ಸಾಲಿನಲ್ಲಿ ಸೇತುವೆಯ ಹೆಸರು ತುಂಬಬೇಕಂತೆ. ಕಿರಿಯ ಎಂಜಿನಿಯರರು ಆ ಜಾಗವನ್ನು ಖಾಲಿ ಬಿಟ್ಟು ಕಡತವನ್ನು ಪಂಚಾಯಿತಿಗಳಿಗೆ ಕಳುಹಿಸಿದ್ದಾರೆ, ಒಮ್ಮತದ ಠರಾವಿಗಾಗಿ.

ಮುಂದಿನ ಸಭೆಗೆ ಒಂದೇ ಪತ್ರ ಬಂದಿದೆ, ಮಾಜಿ ಅಧ್ಯಕ್ಷರದು. ತಮ್ಮ ಹಿಂದಿನ ನಿರಾಕರಣೆಯಿಂದ ಸಾರ್ವಜನಿಕರಿಗೆ ಆಗಿರುವ ನೋವನ್ನು ಗಮನಿಸಿ, ಅದನ್ನು ಬೇಷರತ್ತಾಗಿ ಹಿಂಪಡೆಯುತ್ತಿರುವುದಾಗಿ ಅವರು ತಿಳಿಸಿದ್ದಾರೆ.