ಮಡಿವಾಳಪ್ಪ ಅನ್ನೋದು ಜಾತಿ ಸೂಚಿಸೋ ಹೆಸರಲ್ಲ

"ಮಡಿವಾಳಪ್ಪ ಅಂತ ಹೆಸರಿದ್ರೆ ಅವರು ಮಡಿವಾಳ ಜಾತಿಯವರೇ, ಅಲ್ವಾ?"

ಹಾಗೇನಿಲ್ಲ. ಅದು ಶರಣರ ಹೆಸರು. 12ನೇ ಶತಮಾನದ ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡುವ ಕಾಯಕದವರು, ನಿಜ. ಆದರೆ ಮಗುವಿಗೆ ಇಡೋದು ಶರಣರ ಹೆಸರನ್ನೇ ಹೊರತು ಕಾಯಕವನ್ನಲ್ಲ. ಧಾರವಾಡದ ಹತ್ತಿರ ಗರಗದಲ್ಲಿ ಮಡಿವಾಳೇಶ್ವರ ಮಠವಿದೆ, ಅದಕ್ಕೆ ನಡೆದುಕೊಳ್ಳುವ ಲಿಂಗಾಯತ ಮನೆಗಳಲ್ಲಿ ಹರಕೆ ಹೊತ್ತು ಹುಟ್ಟಿದ ಮಗನಿಗೆ ಮಡಿವಾಳಪ್ಪ, ಮಗಳಿಗೆ ಮಡಿವಾಳವ್ವ ಅಂತ ಕರೆಯುತ್ತಾರೆ.

ಶಾಲೆ ದಾಖಲೆ ನೋಡಿ: 'ಮಡಿವಾಳಪ್ಪ ಬಸಪ್ಪ ಅಂಗಡಿ' ಅಂತಿದ್ದರೆ ಮೊದಲನೆಯದು ಹುಡುಗನ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು. ಸುಮ್ನೆ ಮೊದಲ ಪದ ಹಿಡಿದು ಜಾತಿ ಹೇಳೋಕಾಗಲ್ಲ.

ಜೈನರಲ್ಲೂ ಹೀಗೇ ತೀರ್ಥಂಕರರ ಹೆಸರನ್ನ ಮಕ್ಕಳಿಗೆ ಇಡುತ್ತಾರೆ. ನೇಮಣ್ಣ ಅನ್ನೋದು ನೇಮಿನಾಥರಿಂದ, ಪಾರಿಸ ಪಾರ್ಶ್ವನಾಥರಿಂದ ಬಂದದ್ದು. ಬಾಹುಬಲಿ ಅಂತಲೂ ಹೆಸರಿಡುತ್ತಾರೆ, ಆದರೆ ಬಾಹುಬಲಿ ತೀರ್ಥಂಕರರಲ್ಲ, ಮೊದಲ ತೀರ್ಥಂಕರ ಆದಿನಾಥರ ಮಗ.