ನೋವು ಇಳಿಯದಿದ್ದರೆ ಫಿಸಿಯೋಥೆರಪಿ ಸೋತಂತೆಯೇ?

"ತಿಂಗಳಾದರೂ ಸೊಂಟನೋವು ಹೋಗಿಲ್ಲ ಅಂದ್ರೆ ವ್ಯಾಯಾಮ ಡಿಸ್ಕ್ ಹಾಳು ಮಾಡ್ತಿದೆ, ನಿಲ್ಲಿಸಿ ಮಲಗಿ."

ಇದು ಸರಿಯಲ್ಲ. ಮೂರು ತಿಂಗಳು ದಾಟಿದ ಸೊಂಟನೋವಿನಲ್ಲಿ ನೋವಿನ ಅಂಕಿ ನಿಧಾನವಾಗಿ ಇಳಿಯುತ್ತದೆ. ಕೆಲಸ ಮಾಡುವ ಶಕ್ತಿ ಅದಕ್ಕಿಂತ ಮೊದಲೇ ಮರಳಬಹುದು. ಸುಮ್ನೆ ಮಲಗಿದರೆ ಸ್ನಾಯು ಸೊರಗುತ್ತದೆ.

ಪರೀಕ್ಷಿಸಲು ನಿಮ್ಮ ಪ್ರಗತಿ ಟಿಪ್ಪಣಿಯನ್ನೇ ಕೇಳಿ ಪಡೆಯಿರಿ. ಉದಾಹರಣೆಗೆ ಹೀಗೊಂದು ಟಿಪ್ಪಣಿ ಇದೆ ಎಂದುಕೊಳ್ಳಿ: ಆರು ವಾರದಲ್ಲಿ ನೋವು ಹತ್ತಕ್ಕೆ 6ರಿಂದ 5. ಇಷ್ಟೇನಾ ಅನಿಸುತ್ತದೆ, ಅಲ್ವಾ? ಅದರ ಕೆಳಗಿನ ಸಾಲು ನೋಡಿ. ಸೊಂಟನೋವು ದಿನದ ಕೆಲಸಗಳಿಗೆ ಎಷ್ಟು ಅಡ್ಡಿ ಮಾಡುತ್ತಿದೆ ಎಂದು ಅಳೆಯುವ ಆಸ್ವೆಸ್ಟ್ರಿ ಅಂಕ 42ರಿಂದ 26ಕ್ಕೆ ಬಂದಿದೆ. ಕೂರುವುದು, ನಡೆಯುವುದು, ಭಾರ ಎತ್ತುವುದು, ನಿದ್ದೆ ಹೀಗೆ ಹತ್ತು ವಿಷಯಗಳಿಗೆ 0ರಿಂದ 5 ಕೊಟ್ಟು, ಮೊತ್ತವನ್ನು ಶೇಕಡಾಕ್ಕೆ ತರುತ್ತಾರೆ. ಕಡಿಮೆಯಾದಷ್ಟೂ ಒಳ್ಳೆಯದು. ಸುಮಾರು 10 ಅಂಕ ಇಳಿದರೆ ನಿಜವಾದ ಬದಲಾವಣೆ ಎನ್ನಬಹುದು. ಇಲ್ಲಿ 16 ಇಳಿದಿದೆ. ಇಪ್ಪತ್ತು ನಿಮಿಷ ಕೂರಲಾಗದವರು ಈಗ ಮುಕ್ಕಾಲು ಗಂಟೆ ಕೂರುತ್ತಾರೆ.

ಹಾಗಾಗಿ ಮುಂದಿನ ಗುರಿ: ನಾಲ್ಕು ವಾರದಲ್ಲಿ ಒಂದು ಗಂಟೆಯ ಬಸ್ ಪ್ರಯಾಣ. ವ್ಯಾಯಾಮ ನಿಲ್ಲುವುದಿಲ್ಲ, ಬದಲಾಗುತ್ತದೆ. ಅಂಗಾತ ಮಲಗಿ ಎರಡು ಕಾಲೂರಿ ಸೊಂಟ ಎತ್ತುತ್ತಿದ್ದವರು ಈಗ ಒಂದೇ ಕಾಲೂರಿ ಎತ್ತುತ್ತಾರೆ. ನಡಿಗೆ ಹತ್ತು ನಿಮಿಷದಿಂದ ಇಪ್ಪತ್ತಕ್ಕೆ ಏರುತ್ತದೆ. ಮಾಡುವಾಗ ಸ್ವಲ್ಪ ನೋವು ಜಾಸ್ತಿಯಾಗಿ ಮರುದಿನ ಬೆಳಗ್ಗೆಯೊಳಗೆ ಇಳಿದರೆ ಸರಿ. ಇಳಿಯದಿದ್ದರೆ ಪ್ರಮಾಣ ತಗ್ಗಿಸುತ್ತಾರೆ.

ಎರಡೂ ಅಂಕಗಳು ಕದಲದಿದ್ದರೆ ಯೋಜನೆಯನ್ನೇ ಮರುಪರಿಶೀಲಿಸಲು ಕೇಳಿ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.