‘ಹೆರಿಗೆ ಆದ್ಮೇಲೆ ನೋಡೋಣ’

ಹೋದ ತಿಂಗಳು ಒಂದು ಸಂಜೆ ನನ್ನ ಹಲ್ಲಿನ ಕ್ಲಿನಿಕ್ ಬಾಗಿಲು ಹಾಕೋ ಹೊತ್ತಿಗೆ ಜಗಳೂರು ಕಡೆಯಿಂದ ಅತ್ತೆ-ಸೊಸೆ ಬಂದರು. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಸೊಸೆ 24 ವಾರದ ಬಸುರಿ. ಬಲಗೆನ್ನೆ ಊದಿತ್ತು, ಸೆರಗು ಬಾಯಿಗೆ ಒತ್ತಿಕೊಂಡೇ ಕೂತಳು. ಏನು ಮಾತ್ರೆ ತಗೊಂಡಿದೀಯಮ್ಮ ಅಂದರೆ ಅವಳಿಗೆ ಗೊತ್ತಿಲ್ಲ. ಅತ್ತೆ ಚೀಲದಿಂದ ಒಂದು ಸ್ಟ್ರಿಪ್ ತೆಗೆದರು. ಮೆಡಿಕಲ್‌ನವರು ಕತ್ತರಿ ಹಾಕಿ ಅರ್ಧ ಕೊಟ್ಟಿದ್ದು. ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿದೆ. ಅಂಚಿನಲ್ಲಿ ‘ಫೆನಾಕ್’ ಅನ್ನೋ ಬಾಲ ಮಾತ್ರ ಕಾಣ್ತಿತ್ತು. ಐದು ದಿನದಲ್ಲಿ ಒಂಬತ್ತು ಮಾತ್ರೆ ನುಂಗಿದ್ದಾಳೆ.

ಡೈಕ್ಲೋಫೆನಾಕ್ ಇರಲಿ, ಅಸೆಕ್ಲೋಫೆನಾಕ್ ಇರಲಿ, ಎರಡೂ ನೋವಿನ ಮಾತ್ರೆಗಳ ಒಂದೇ ಮನೆತನದವು. ಐಬುಪ್ರೊಫೆನ್ನೂ ಅದೇ ಮನೆತನ. 20 ವಾರ ದಾಟಿದ ಮೇಲೆ ಇವು ಕೂಸಿನ ಮೂತ್ರಪಿಂಡದ ಕೆಲಸ ತಗ್ಗಿಸಿ ಗರ್ಭದ ನೀರು ಕಡಿಮೆ ಮಾಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಕೆ ಕೊಟ್ಟಿದೆ. 30 ವಾರದ ನಂತರ ಇನ್ನೊಂದು ಅಪಾಯವಿದೆ: ಕೂಸಿನ ಹೃದಯದ ಹತ್ತಿರ, ಹುಟ್ಟಿದ ಮೇಲೆ ಮುಚ್ಚಬೇಕಾದ ಒಂದು ರಕ್ತನಾಳ ಹೊಟ್ಟೆಯಲ್ಲೇ ಮುಚ್ಚಿಕೊಳ್ಳಬಹುದು. ಗೊತ್ತಿಲ್ಲದೆ ಒಂದು ಮಾತ್ರೆ ನುಂಗಿದವರು ಗಾಬರಿ ಆಗಬೇಕಿಲ್ಲ, ಹೆರಿಗೆ ಡಾಕ್ಟರಿಗೆ ಹೇಳಿದರೆ ಸಾಕು. ಆದರೆ ಇವಳದ್ದು ಐದು ದಿನದ ಲೆಕ್ಕ. ಅವಳ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮರುದಿನ ಸ್ಕ್ಯಾನ್‌ನಲ್ಲಿ ನೀರು ಸರಿಯಾಗಿತ್ತು ಅನ್ನೋದು ಸಮಾಧಾನ.

ನನ್ನ ಸಿಟ್ಟು ಮೆಡಿಕಲ್‌ನವರ ಮೇಲಷ್ಟೇ ಅಲ್ಲ. ಮೂರು ವಾರ ಮುಂಚೆ ಹಲ್ಲು ನೋಯಲು ಶುರುವಾದಾಗಲೇ ಇವಳು ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ‘ಬಸುರಿ ಇದೀಯ, ಹೆರಿಗೆ ಆದ್ಮೇಲೆ ನೋಡೋಣ’ ಅಂತ ವಾಪಸ್ ಕಳಿಸಿದ್ದಾರೆ. ಡೆಂಟಲ್ ಕಾಲೇಜುಗಳಿರೋ ದಾವಣಗೆರೆಯಲ್ಲೂ ಈ ಮಾತು ನಡೀತಿದೆ. ಹಲ್ಲಿನೊಳಗೆ ಕೀವು ಕಟ್ಟಿದಾಗ ಕಾಯೋದು ಸುರಕ್ಷಿತ ಅಲ್ಲ. ಕಾದ ಆ ಮೂರು ವಾರದಲ್ಲೇ ಮಾತ್ರೆ ಅಂಗಡಿ ನಡುವೆ ಬಂದಿದ್ದು.

ಬಾಯಿ ತೆರೆಸಿದೆ. ವಸಡೆಲ್ಲ ಕೆಂಪಗೆ ಉಬ್ಬಿ, ಹತ್ತಿ ತಾಗಿಸಿದರೂ ರಕ್ತ. ಮೂರನೇ ತಿಂಗಳಿಂದ ಹಲ್ಲುಜ್ಜಿದರೆ ರಕ್ತ ಬರ್ತಿತ್ತಂತೆ. ಹೆದರಿ ಬ್ರಷ್ ಬಿಟ್ಟು ಬೆರಳಲ್ಲಿ ಹಲ್ಲುಪುಡಿ ತಿಕ್ಕೋಕೆ ಶುರು ಮಾಡಿದ್ದಾಳೆ. ಬ್ರಷ್ ಬಾಯಿಗಿಟ್ಟರೆ ವಾಂತಿ ಬರ್ತಿದ್ದದ್ದು ಇನ್ನೊಂದು ಕಾರಣ.

ಎಲ್ಲರೂ ಎಡವೋದು ಇಲ್ಲೇ. ಬಸುರಿನಲ್ಲಿ ಏರುವ ಹಾರ್ಮೋನುಗಳು ತಾವಾಗಿ ವಸಡಿಗೆ ರೋಗ ತರೋದಿಲ್ಲ. ಹಲ್ಲು-ವಸಡಿನ ಸಂದಿಯಲ್ಲಿ ಕೂರುವ ಬಿಳಿ ಅಂಟು, ಅಂದರೆ ಪ್ಲಾಕ್, ಮೊದಲೂ ಇತ್ತು. ಈಗ ವಸಡಿನ ಸಣ್ಣ ರಕ್ತನಾಳಗಳು ಸಡಿಲಾಗಿ, ಅಷ್ಟೇ ಅಂಟಿಗೆ ಮೊದಲಿಗಿಂತ ಹೆಚ್ಚು ರೇಗುತ್ತವೆ. ರಕ್ತ ಬರುತ್ತೆ ಅಂತ ಬ್ರಷ್ ಬಿಟ್ಟರೆ ಅಂಟು ಇನ್ನೂ ಕೂರುತ್ತೆ, ರಕ್ತ ಇನ್ನೂ ಹೆಚ್ಚಾಗುತ್ತೆ. ಸಾಮಾನ್ಯವಾಗಿ ಎರಡನೇ ತಿಂಗಳಿಂದ ಶುರುವಾಗಿ ಎಂಟನೇ ತಿಂಗಳವರೆಗೆ ಏರುತ್ತಾ ಹೋಗುತ್ತೆ. ಆದ್ದರಿಂದ ರಕ್ತ ಬರೋ ಜಾಗವನ್ನೇ ಮೆತ್ತನೆ ಬ್ರಷ್‌ನಿಂದ ಹಗುರಕ್ಕೆ ಉಜ್ಜಬೇಕು. ವಾಂತಿ ಆದ ಕೂಡಲೇ ಮಾತ್ರ ಬೇಡ, ಹೊಟ್ಟೆಯ ಹುಳಿಗೆ ಮೆತ್ತಗಾದ ಹಲ್ಲು ಸವೆಯುತ್ತೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ-ಮುಕ್ಕಾಲು ಗಂಟೆ ಬಿಟ್ಟು ಉಜ್ಜಿ.

ಕೆಳದವಡೆಯ ಆ ಹಲ್ಲಿಗೆ ಎಕ್ಸ್‌ರೇ ಬೇಕಿತ್ತು. ಅತ್ತೆ ಎದ್ದೇ ನಿಂತರು. ‘ಫೋಟೋ ಬ್ಯಾಡ್ರೀ ಮೇಡಂ. ಹೊಟ್ಟ್ಯಾಗಿನ ಕೂಸಿಗೆ ಏನಾರ ಆದ್ರೆ?’

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಮಣ್ಣು, ಕಲ್ಲು, ಆಕಾಶದಿಂದ ವಿಕಿರಣ ನಮ್ಮೆಲ್ಲರ ಮೈಗೂ ದಿನಾ ಬೀಳ್ತಾನೇ ಇರುತ್ತೆ. ಜಗತ್ತಿನ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೇಳು ಮೈಕ್ರೊಸೀವರ್ಟ್. ಒಂದು ಹಲ್ಲಿನ ಸಣ್ಣ ಡಿಜಿಟಲ್ ಎಕ್ಸ್‌ರೇ ಹೆಚ್ಚುಕಮ್ಮಿ ಒಂದು ದಿನದ ಆ ಲೆಕ್ಕದೊಳಗೇ ಬರುತ್ತೆ. ಅದೂ ದವಡೆಗೆ, ಹೊಟ್ಟೆಗೆ ತಲುಪೋದು ಅದರ ಅಣುಮಾತ್ರ. ಅಮೆರಿಕದ ದಂತವೈದ್ಯ ಸಂಘ 2024ರಲ್ಲಿ, ಗರ್ಭಿಣಿಯರಿಗೂ ಸೀಸದ ಏಪ್ರನ್ ಅಗತ್ಯವಿಲ್ಲ ಅಂತಲೇ ಹೇಳಿದೆ. ನಾನಂತೂ ಈಗಲೂ ಹಾಕ್ತೀನಿ, ಅತ್ತೆಯಂದಿರ ಧೈರ್ಯಕ್ಕೆ. ಹಾಗಂತ ‘ಒಮ್ಮೆ ಎಲ್ಲಾ ನೋಡಿಬಿಡೋಣ’ ಅಂತ ಬಾಯಿ ಪೂರ್ತಿ ಎಕ್ಸ್‌ರೇ ತೆಗೆಯೋ ಅಗತ್ಯ ಬಸುರಿಯಲ್ಲಿಲ್ಲ. ಚಿಕಿತ್ಸೆ ನಿರ್ಧರಿಸೋಕೆ ಬೇಕಾದ ಒಂದೋ ಎರಡೋ ಸಾಕು. ಇವಳಿಗೆ ತೆಗೆದದ್ದು ಒಂದು. ಬೇರಿನ ತುದಿಯಲ್ಲಿ ಕಡಲೆಕಾಳಿನಷ್ಟು ಕಪ್ಪು ನೆರಳು ಕಂಡಿತು.

ತಾಯಿ ಕಾರ್ಡ್‌ನಲ್ಲಿ ರಕ್ತದ ಅಂಶ ನೋಡಿ, ಬಿಪಿ ನೋಡಿ, ಕುರ್ಚಿ ಪೂರ್ತಿ ಹಿಂದಕ್ಕೆ ಒರಗಿಸದೆ ಬಲ ಸೊಂಟದಡಿ ಒಂದು ದಿಂಬಿಟ್ಟು ಎಡಕ್ಕೆ ವಾಲಿಸಿದೆ. ಅಂಗಾತ ಮಲಗಿಸಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು, ಬಿಪಿ ಇಳಿಯಬಹುದು. 14ರಿಂದ 20ನೇ ವಾರ ಹಲ್ಲಿನ ಕೆಲಸಕ್ಕೆ ಅನುಕೂಲ ಅನ್ನೋದೂ ಇದಕ್ಕೇ: ವಾಂತಿ ಇಳಿದಿರುತ್ತೆ, ಹೊಟ್ಟೆ ಇನ್ನೂ ಭಾರವಾಗಿರೋದಿಲ್ಲ. ನೋವು, ಕೀವು, ಊತ ಇದ್ದರೆ ಯಾವ ವಾರವಾದರೂ ಕಾಯುವಂತಿಲ್ಲ. ಕಾಯಬಹುದಾದದ್ದು ಹಲ್ಲು ಬೆಳ್ಳಗೆ ಮಾಡಿಸೋದು, ಕ್ಲಿಪ್ ಹಾಕಿಸೋದು, ನೋವಿಲ್ಲದ ಬುದ್ಧಿಹಲ್ಲು ಕೀಳಿಸೋದು.

ಮರಗಟ್ಟಿಸೋ ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟು ಹಲ್ಲು ತೆರೆದೆ. ಕೀವು ಹೊರಬಂದ ಕೂಡಲೇ ಅವಳ ಭುಜ ಇಳಿಯಿತು. ನೋವಿಗೆ ಬರೀ ಪ್ಯಾರಸಿಟಮಾಲ್. ಊತ ಕೆನ್ನೆಗೆ ಹರಡಿದ್ದರಿಂದ ಅಮಾಕ್ಸಿಸಿಲಿನ್ ಸೇರಿಸಿದೆ, ಅಲರ್ಜಿ ಇಲ್ಲ ಅಂತ ಕೇಳಿಕೊಂಡು. ಕೀವಿಗೆ ದಾರಿ ಮಾಡದೆ ಬರೀ ಆ್ಯಂಟಿಬಯೋಟಿಕ್ ಕೊಟ್ಟರೆ ನೋವು ನಾಲ್ಕು ದಿನ ಮಲಗಿ ಮತ್ತೆ ಏಳುತ್ತೆ. ಟೆಟ್ರಾಸೈಕ್ಲಿನ್ ಜಾತಿಯವು ಮಾತ್ರ ಬೇಡವೇ ಬೇಡ, ಕೂಸಿನ ಹಾಲುಹಲ್ಲುಗಳು ಹೊಟ್ಟೆಯಲ್ಲೇ ಗಟ್ಟಿಯಾಗ್ತಿರುತ್ತವೆ, ಅವುಗಳಲ್ಲಿ ಹಳದಿ-ಕಂದು ಬಣ್ಣ ಕೂತುಬಿಡಬಹುದು.

ಮುಂದಿನ ವಾರ ಬೇರಿನ ಚಿಕಿತ್ಸೆ ಮುಗಿಸಿ ವಸಡು ಕ್ಲೀನ್ ಮಾಡಿದೆ. ಇದನ್ನ ಮಾಡಿಸದಿದ್ದರೆ ತಿಂಗಳು ತುಂಬುವ ಮುಂಚೆ ಹೆರಿಗೆ ಆಗುತ್ತೆ ಅಂತ ನಮ್ಮವರೇ ಕೆಲವರು ಹೆದರಿಸ್ತಾರೆ. ನನಗದು ಇಷ್ಟ ಆಗಲ್ಲ. 2006ರಲ್ಲಿ ಅಮೆರಿಕದಲ್ಲಿ 823 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ ಪ್ರಕಟವಾಯ್ತು. ಒಂದು ಗುಂಪಿಗೆ 21 ವಾರದೊಳಗೆ ವಸಡಿನ ಚಿಕಿತ್ಸೆ, ಇನ್ನೊಂದಕ್ಕೆ ಹೆರಿಗೆ ನಂತರ. ಅವಧಿಗೆ ಮುಂಚಿನ ಹೆರಿಗೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಯಿಂದ ಅವಧಿಗೆ ಮುಂಚಿನ ಹೆರಿಗೆ ತಪ್ಪುತ್ತೆ ಅನ್ನೋಹಾಗಿಲ್ಲ, ಕೂಸಿಗೆ ತೊಂದರೆ ಅನ್ನೋಹಾಗೂ ಇಲ್ಲ. ವಸಡು ಮಾತ್ರ ಸುಧಾರಿಸಿತು. ಅಷ್ಟೇ ಹೇಳಿದರೆ ಸಾಕಲ್ಲ?

ಎರಡು ವಾರ ಬಿಟ್ಟು ಬಂದಾಗ ವಸಡು ಬಹುಪಾಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮುಂದಿನ ಎರಡು ಹಲ್ಲಿನ ನಡುವೆ ಮಾತ್ರ ಇನ್ನೂ ಸ್ವಲ್ಪ ರಕ್ತ. ಹೆರಿಗೆವರೆಗೂ ಅದು ಆಗಾಗ ಇದ್ದದ್ದೇ, ಬಾಣಂತನ ಮುಗಿದ ಮೇಲೂ ನಿಲ್ಲದಿದ್ದರೆ ಬನ್ನಿ, ಆಗ ಹಲ್ಲಿನ ಸುತ್ತಲ ಮೂಳೆ ನೋಡಬೇಕಾಗುತ್ತೆ ಅಂದೆ. ಕುಬಸ ಆದ ಮೇಲೆ ತವರಿಗೆ ಹೊರಡ್ತಾಳಂತೆ, ಹೊಸ ಬ್ರಷ್ ಚೀಲಕ್ಕೆ ಹಾಕಿಸಿದ್ದೀನಿ ಅಂದರು ಅತ್ತೆ. ಬಾಗಿಲವರೆಗೆ ಹೋದವರು ತಿರುಗಿ ನಿಂತು ಕೇಳಿದರು: ‘ಬಾಣಂತಿ ಹಲ್ಲು ತಿಕ್ಕಬಾರ್ದು ಅಂತಾರಲ್ಲ ಮೇಡಂ, ಅದು ಖರೇನಾ?’

ತಿಕ್ಕಬೇಕು ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.